ನಲವತ್ತಾರು ಎಂಟುನೂರರ ಮೇಲೆ ಎಷ್ಟು?

ಹತ್ತನೇ ತರಗತಿಗೆ ಗಣಿತ ಹೇಳಲು ಶುರುಮಾಡಿ ಆರು ವರ್ಷ ಕಳೆದ ಮೇಲೆ ಒಂದು ದಿನ ಅಡಿಕೆ ಮಂಡಿಯ ಗುಮಾಸ್ತರೊಬ್ಬರ ಪಕ್ಕದಲ್ಲಿ ಕೂತಿದ್ದೆ. ಟೆಂಡರ್ ಮುಗಿದಿತ್ತು. ರಾಶಿ ಅಡಿಕೆಯ ಐದು ಲಾಟಿನ ಧಾರಣೆ ಅವರ ಮುಂದಿನ ಚೀಟಿಯಲ್ಲಿತ್ತು: ಕ್ವಿಂಟಲಿಗೆ 46,899, 46,709, 46,819, 46,999, 47,109. (ಆ ದಿನದ ಅಂಕಿಗಳು ನೆನಪಿಲ್ಲ, ಇವು ಲೆಕ್ಕಕ್ಕೆಂದು ನಾನು ಹೊಂದಿಸಿಕೊಂಡವು. ಕೊನೆಯ ಒಂಬತ್ತು ಮಾತ್ರ ಮಂಡಿಯದ್ದೇ.) ಸರಾಸರಿ ಎಷ್ಟಾಯಿತೆಂದು ಯಾರೋ ಕೇಳಿದರು. ಗುಮಾಸ್ತರು ಐದೂ ಸಂಖ್ಯೆಗಳನ್ನು ಕೂಡುವ ಗೋಜಿಗೇ ಹೋಗಲಿಲ್ಲ. ಚೀಟಿಯ ಮೇಲೆ ಬೆರಳಾಡಿಸುತ್ತ, "ತೊಂಬತ್ತೊಂಬತ್ತು, ತೊಂಬತ್ತೊಂದು ಸಾಲ, ಎಂಟು ಉಳೀತು, ಹತ್ತೊಂಬತ್ತು ಸೇರಿ ಇಪ್ಪತ್ತೇಳು, ಇನ್ನೂರಿಪ್ಪತ್ತಾರು, ಐನೂರ ಮೂವತ್ತೈದು" ಎಂದು ಗೊಣಗಿ, ಐದರಿಂದ ಭಾಗಿಸಿ, "ನಲವತ್ತಾರು ಒಂಬೈನೂರ ಏಳು" ಅಂದರು.

ಹೇಗೆಂದು ಕೇಳಿದ್ದಕ್ಕೆ ಅವರಿಗೇ ಆಶ್ಚರ್ಯ. "ನಲವತ್ತಾರು ಎಂಟುನೂರು ಎಲ್ಲದರಲ್ಲೂ ಇದ್ದೇ ಇದೆಯಲ್ಲ ಮೇಷ್ಟ್ರೇ, ಅದನ್ನ ಐದು ಸಲ ಯಾಕೆ ಕೂಡ್ಬೇಕು? ಮೇಲಿನದ್ದಷ್ಟೇ ನೋಡಿದರಾಯ್ತು. ಇಲ್ಲದ್ದು ಸಾಲ." ಎರಡನೆಯ ಲಾಟು 46,800ಕ್ಕಿಂತ 91 ರೂಪಾಯಿ ಕಡಿಮೆ. ಅದನ್ನೇ ಅವರು ಸಾಲ ಅಂದದ್ದು. ನಾವು ತರಗತಿಯಲ್ಲಿ ಋಣ ಸಂಖ್ಯೆ ಅನ್ನುತ್ತೇವೆ. ಋಣ ಅಂದರೂ ಸಾಲವೇ, ಅದನ್ನು ಹೇಳಿಕೊಡುವ ನಮಗೆ ಮರೆತುಹೋಗಿರುತ್ತದೆ ಅಷ್ಟೆ.

ಪಠ್ಯಪುಸ್ತಕದಲ್ಲಿ ಇದಕ್ಕೆ ಅಂದಾಜು ಸರಾಸರಿ ವಿಧಾನ ಎಂದು ಹೆಸರು. ಊಹಿತ ಸರಾಸರಿ, ಕಲ್ಪಿತ ಸರಾಸರಿ ಎಂದು ಬರೆಯುವವರೂ ಇದ್ದಾರೆ. ಮೂರು ಹೆಸರುಗಳ ಮೇಲೂ ನನಗೆ ಸಣ್ಣ ಸಿಟ್ಟಿದೆ. ಹೆಸರು ಕೇಳಿದ ಮಕ್ಕಳು ಉತ್ತರವೂ ಅಂದಾಜಿನದ್ದೇ ಎಂದುಕೊಳ್ಳುತ್ತಾರೆ. 'ನಿಖರ ಉತ್ತರ ಬೇಕಾದರೆ ನೇರ ವಿಧಾನ, ಸುಮಾರಾಗಿ ಸಾಕಾದರೆ ಅಂದಾಜು ವಿಧಾನ' ಎಂದು ಉತ್ತರಪತ್ರಿಕೆಯಲ್ಲಿ ಬರೆದವರನ್ನು ನಾನು ಕಂಡಿದ್ದೇನೆ. ಇಲ್ಲಿ ಅಂದಾಜು ಮಾಡುವುದು ಲೆಕ್ಕ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಮಾತ್ರ. ಉತ್ತರ ಪೈಸೆಯಷ್ಟೂ ಆಚೀಚೆ ಆಗುವುದಿಲ್ಲ.

ಕಾರಣ ಸರಳ. ಐದೂ ಸಂಖ್ಯೆಗಳಿಂದ 46,800 ತೆಗೆದಿಟ್ಟರೆ ಒಟ್ಟು ಮೊತ್ತದಿಂದ ಐದು ಸಲ 46,800 ಹೋಯಿತು. ಉಳಿದದ್ದನ್ನು ಐದರಿಂದ ಭಾಗಿಸಿದಾಗ ಆ ಕೊರತೆಯೂ ಐದರಿಂದ ಭಾಗವಾಗಿ ಸರಿಯಾಗಿ ಒಂದು 46,800 ಆಗುತ್ತದೆ. ಅದನ್ನು ವಾಪಸು ಕೂಡಿದರೆ ಲೆಕ್ಕ ಚುಕ್ತಾ. ಗುಮಾಸ್ತರಿಗೆ ಸಿಕ್ಕ 535ನ್ನು ಐದರಿಂದ ಭಾಗಿಸಿದರೆ 107. ಈ 107 ಏನೆಂದು ಸ್ವಲ್ಪ ನಿಂತು ನೋಡಬೇಕು. ಅವರು ಆರಿಸಿಕೊಂಡ ಸಂಖ್ಯೆ ನಿಜವಾದ ಸರಾಸರಿಗಿಂತ ಎಷ್ಟು ಹಿಂದಿತ್ತು ಎಂಬುದರ ಅಳತೆ ಅದು. ಊಹೆ ಎಷ್ಟು ತಪ್ಪಿತು ಎಂಬುದನ್ನು ಲೆಕ್ಕವೇ ಹೇಳಿ, ತಾನೇ ತಿದ್ದಿಕೊಳ್ಳುತ್ತದೆ. ಹಾಗಾಗಿ ನಾನು ಹೀಗೆ ಆರಿಸಿಕೊಂಡ ಸಂಖ್ಯೆಯನ್ನು ಆಧಾರ ಸಂಖ್ಯೆ ಎನ್ನುತ್ತೇನೆ, ಈ ಲೇಖನದಲ್ಲೂ ಹಾಗೇ ಕರೆಯುತ್ತೇನೆ.

ಆಧಾರ ಸಂಖ್ಯೆಯನ್ನು ಉಪಕರಣದ ಮೇಲೇ ಕೆತ್ತಿಟ್ಟ ಉದಾಹರಣೆ ನಮ್ಮ ಹಾಲಿನ ಡೇರಿಗಳಲ್ಲಿದೆ. ಲ್ಯಾಕ್ಟೋಮೀಟರ್ 28 ತೋರಿಸಿದರೆ ಹಾಲಿನ ಸಾಪೇಕ್ಷ ಸಾಂದ್ರತೆ 1.028 ಎಂದು ಅರ್ಥ. ನೀರಿನ 1ನ್ನು ಬಿಟ್ಟು, ಮೇಲಿನದ್ದನ್ನು ಸಾವಿರದಿಂದ ಗುಣಿಸಿ ಬರೆದ ಅಂಕಿ ಅದು. ಹತ್ತು ಮನೆಯ ಹಾಲಿನ ಅಂಕಿಗಳನ್ನು ಕೂಡಿ ಭಾಗಿಸುವವರು ತಿಳಿಯದೆಯೇ ಈ ವಿಧಾನವನ್ನು ಬಳಸಿರುತ್ತಾರೆ.

ಸರಾಸರಿ ತೆಗೆಯುವ ರೂಢಿ ನಮ್ಮಲ್ಲಿ ಹಳೆಯದು. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೀಲಾವತಿಯಲ್ಲಿ, ಗುಂಡಿ ತೋಡುವ ಲೆಕ್ಕದ ಭಾಗದಲ್ಲಿ, ಬದಿ ಓರೆಕೋರೆಯಾದ ಗುಂಡಿಯೊಂದು ಬರುತ್ತದೆ. ಮೂರು ಕಡೆ ಅಳೆದಾಗ ಉದ್ದ 10, 11, 12 ಹಸ್ತ, ಅಗಲ 6, 5, 7, ಆಳ 2, 4, 3. ಸರಾಸರಿಗಳು 11, 6, 3, ಗಾತ್ರ 198 ಘನಹಸ್ತ. ಅಲ್ಲಿರುವ ವಿಧಾನ ಕೂಡಿ ಭಾಗಿಸುವುದು, ಅಷ್ಟೇ. ಆದರೆ ಉದ್ದದ ಅಳತೆಗಳನ್ನು ನೋಡಿದ ಯಾರಿಗಾದರೂ ಹನ್ನೊಂದರಿಂದ ಒಂದು ಆಚೆ, ಒಂದು ಈಚೆ ಎಂದು ಕಣ್ಣಿಗೇ ಹೊಳೆಯುತ್ತದೆ. ಸಂಖ್ಯೆ ದೊಡ್ಡದಾದಾಗ ಹೀಗೆ ಹೊಳೆಯುವುದು ನಿಲ್ಲುತ್ತದೆ. ವಿಧಾನ ಬೇಕಾಗುವುದು ಆಗ.

ಐದು ಲಾಟು ಬಾಯಲ್ಲಿ ಮುಗಿಯುತ್ತದೆ, ನಲವತ್ತು ಲಾಟಾದರೆ ಮುಗಿಯುವುದಿಲ್ಲ. ಆಗ ಸಾವಿರ ರೂಪಾಯಿಗೊಂದು ವರ್ಗಾಂತರ ಮಾಡಿ, ಪ್ರತಿಯೊಂದರಲ್ಲಿ ಎಷ್ಟು ಲಾಟು ಬಿತ್ತು ಎಂದು ಬರೆದುಕೊಳ್ಳುತ್ತೇವೆ.

| ಧಾರಣೆ (ರೂ.) | ಲಾಟು | ಮಧ್ಯಬಿಂದು | ಹಂತ | ಲಾಟು × ಹಂತ |
|---|---|---|---|---|
| 44,000–45,000 | 3 | 44,500 | −2 | −6 |
| 45,000–46,000 | 7 | 45,500 | −1 | −7 |
| 46,000–47,000 | 12 | 46,500 | 0 | 0 |
| 47,000–48,000 | 10 | 47,500 | 1 | 10 |
| 48,000–49,000 | 6 | 48,500 | 2 | 12 |
| 49,000–50,000 | 2 | 49,500 | 3 | 6 |

ನೇರ ವಿಧಾನದಲ್ಲಿ ಹೋದರೆ 12ನ್ನು 46,500ರಿಂದ ಗುಣಿಸಬೇಕು, 10ನ್ನು 47,500ರಿಂದ ಗುಣಿಸಬೇಕು, ಹೀಗೆ ಆರು ಗುಣಾಕಾರ ಮಾಡಿ ಕೂಡಿದರೆ 18,75,000. ನಲವತ್ತರಿಂದ ಭಾಗಿಸಿದರೆ 46,875. ಅದರ ಬದಲು 46,500ನ್ನು ಆಧಾರವಾಗಿಟ್ಟುಕೊಂಡರೆ ಉಳಿದ ಮಧ್ಯಬಿಂದುಗಳೆಲ್ಲ ಅದರಿಂದ ಸಾವಿರ ಸಾವಿರ ದೂರ. ಆ ಸಾವಿರವನ್ನೂ ತೆಗೆದಿಟ್ಟರೆ ಉಳಿಯುವುದು −2, −1, 0, 1, 2, 3. ಹಂತ ವಿಚಲನಾ ವಿಧಾನ ಎಂದು ಬೇರೆ ಹೆಸರಿಟ್ಟು ಕಲಿಸುವುದು ಇದನ್ನೇ. ಕೊನೆಯ ಕಂಬಸಾಲಿನ ಮೊತ್ತ 15. ನಲವತ್ತರಿಂದ ಭಾಗಿಸಿದರೆ 0.375 ಹಂತ, ಅಂದರೆ 375 ರೂಪಾಯಿ. 46,500ಕ್ಕೆ ಕೂಡಿದರೆ ಅದೇ 46,875. ಸೂತ್ರವಾಗಿ ಬರೆದರೆ x̄ = a + h × (Σfu / Σf). ಇದರಲ್ಲಿ a ಆಧಾರ, h ವರ್ಗಾಂತರದ ಗಾತ್ರ, f ಲಾಟಿನ ಎಣಿಕೆ, u ಹಂತ.

ಆಧಾರವನ್ನು ಎಲ್ಲಿ ಇಡಬೇಕೆಂದು ಮಕ್ಕಳು ಕೇಳುತ್ತಾರೆ. ನಡುವೆ, ಹೆಚ್ಚು ಲಾಟಿರುವ ಕಡೆ ಇಡಿ ಎಂದು ಪುಸ್ತಕ ಹೇಳುತ್ತದೆ. ದೊಡ್ಡ ಆವೃತ್ತಿ ಸೊನ್ನೆಯಿಂದ ಗುಣಿಸಲ್ಪಟ್ಟು ಮಾಯವಾಗುತ್ತದೆ, ಹಾಗಾಗಿ ಸಲಹೆ ಒಳ್ಳೆಯದೇ. ಆದರೆ ಋಣ ಚಿಹ್ನೆ ಕಂಡರೆ ಕೈ ನಡುಗುವ ಹುಡುಗರಿಗೆ ನಾನು ಬೇರೆ ದಾರಿ ಹೇಳುತ್ತಿದ್ದೆ: ಎಲ್ಲಕ್ಕಿಂತ ಕೆಳಗಿನ 44,500ನ್ನೇ ಆಧಾರ ಮಾಡಿಕೊಳ್ಳಿ. ಹಂತಗಳು 0ಯಿಂದ 5. ಮೊತ್ತ 95, ಭಾಗಿಸಿದರೆ 2.375, ಉತ್ತರ 44,500 + 2,375. ಸಂಖ್ಯೆ ಕೊಂಚ ದೊಡ್ಡದಾಯಿತು, ಸಾಲದ ಕಾಟ ತಪ್ಪಿತು.

ಇನ್ನು ಎಡವುವ ಜಾಗಗಳು. ಕೊನೆಗೆ ಆಧಾರವನ್ನು ಕೂಡಲು ಮರೆತು ಸರಾಸರಿ 375 ಎಂದು ಬರೆದರೆ ಯಾರೂ ಮೋಸಹೋಗುವುದಿಲ್ಲ, ಆ ಬೆಲೆಗೆ ಅಡಿಕೆ ಸಿಗುವುದಾದರೆ ನಾನೇ ಮೊದಲು ಚೀಲ ಹಿಡಿದು ನಿಲ್ಲುತ್ತೇನೆ. 15ನ್ನು ನಲವತ್ತರ ಬದಲು ವರ್ಗಾಂತರಗಳ ಸಂಖ್ಯೆ ಆರರಿಂದ ಭಾಗಿಸಿದರೆ 2.5 ಹಂತ, ಉತ್ತರ 49,000. ಇದು ಕೋಷ್ಟಕದ ಒಳಗೇ ಬೀಳುವುದರಿಂದ ಮೊದಲ ನೋಟಕ್ಕೆ ಸರಿ ಎನಿಸಬಹುದು. ಆದರೆ 49,000ದ ಮೇಲೆ ಇರುವುದು ಎರಡೇ ಲಾಟು, ಕೆಳಗೆ ಮೂವತ್ತೆಂಟು. ಸರಾಸರಿ ಅಷ್ಟು ಮೇಲೇರಲು ಸಾಧ್ಯವಿಲ್ಲ.

ಪತ್ತೆಗೆ ಸಿಗದೆ ಕಾಡುವ ತಪ್ಪು ಚಿಹ್ನೆಯದು. ಬೆಲೆಯಿಂದ ಆಧಾರ ಕಳೆಯುವ ಬದಲು ಆಧಾರದಿಂದ ಬೆಲೆ ಕಳೆದರೆ ಎಲ್ಲ ಹಂತಗಳೂ ತಿರುಗಾಮುರುಗಾ ಆಗಿ ಮೊತ್ತ −15 ಬರುತ್ತದೆ, ಉತ್ತರ 46,125. ನೋಡಲು ಎಷ್ಟು ಸಭ್ಯವಾದ ಸಂಖ್ಯೆ! ಹನ್ನೆರಡು ಲಾಟಿರುವ ವರ್ಗಾಂತರದಲ್ಲೇ ಬಂದು ಕೂತಿದೆ. ಇಂಥದ್ದನ್ನು ಹಿಡಿಯಲು ಆಧಾರ ಬದಲಿಸಿ ಇನ್ನೊಮ್ಮೆ ಲೆಕ್ಕ ಮಾಡಬೇಕು. ಸರಿಯಾಗಿ ಮಾಡಿದವನಿಗೆ 47,500 ಆಧಾರದಲ್ಲಿ ಮೊತ್ತ −25 ಬಂದು, 625 ಕಳೆದು, ಮತ್ತೆ 46,875 ಸಿಗುತ್ತದೆ. ಚಿಹ್ನೆ ತಿರುಗಿಸಿದವನಿಗೆ +25 ಬಂದು 48,125 ಸಿಗುತ್ತದೆ. ಮೊದಲು 46,125, ಈಗ 48,125. ಆಧಾರ ಬದಲಾದರೆ ಉತ್ತರ ಬದಲಾಗಬಾರದು, ಬದಲಾಯಿತೆಂದರೆ ಎಲ್ಲೋ ತಪ್ಪಿದೆ.

ಎರಡನೆಯ ಸಲ ಪೂರ್ತಿ ಲೆಕ್ಕ ಮಾಡಲು ಬೇಸರವಾದರೆ ಇನ್ನೂ ಸುಲಭದ ದಾರಿಯಿದೆ. ಆಧಾರ ಒಂದು ಹಂತ ಕೆಳಗಿಳಿದರೆ ಪ್ರತಿ ಲಾಟಿನ ಹಂತವೂ ಒಂದು ಹೆಚ್ಚುತ್ತದೆ, ಹಾಗಾಗಿ ಮೊತ್ತ ಸರಿಯಾಗಿ ನಲವತ್ತು ಹೆಚ್ಚಬೇಕು: 15 ಇದ್ದದ್ದು 55. ಕೋಷ್ಟಕದಲ್ಲಿ −3, 0, 12, 20, 18, 8 ಎಂದು ಕೂಡಿ ನೋಡಿದರೆ 55ವೇ. ಸ್ವೀಡನ್ನಿನ ಖಗೋಳಶಾಸ್ತ್ರಜ್ಞ ಕಾರ್ಲ್ ಚಾರ್ಲಿಯರ್ (1862–1934) ಹೆಸರಿನಲ್ಲಿ ಈ ತಾಳೆ ಪ್ರಸಿದ್ಧವಾಗಿದೆ. ಗುಣಾಕಾರ, ಸಂಕಲನದಲ್ಲಿ ಕೈತಪ್ಪಿದ್ದರೆ ಚಾರ್ಲಿಯರ್ ತಾಳೆ ಹಿಡಿದುಕೊಡುತ್ತದೆ. ಆದರೆ ಮಧ್ಯಬಿಂದುವಿನ ಬದಲು ವರ್ಗಾಂತರದ ಕೆಳತುದಿಯನ್ನೇ ಬರೆದುಕೊಂಡವನನ್ನು ಯಾವ ತಾಳೆಯೂ ಹಿಡಿಯುವುದಿಲ್ಲ. ಅವನಿಗೆ ಯಾವ ಆಧಾರದಿಂದ ಹೊರಟರೂ 46,375 ಬರುತ್ತದೆ, ಐನೂರು ರೂಪಾಯಿ ಖೋತಾ. ಎರಡು ಲೆಕ್ಕ ತಾಳೆಯಾಯಿತೆಂದು ನೆಮ್ಮದಿಯಿಂದ ಇರುತ್ತಾನೆ.

ವರ್ಗಾಂತರಗಳು ಒಂದೇ ಗಾತ್ರದಲ್ಲಿ ಇಲ್ಲದಿದ್ದಾಗಲೂ ಹೀಗೆಯೇ ಮೋಸವಾಗುತ್ತದೆ. ಮೇಲಿನ ಕೊನೆಯ ಎರಡು ಸಾಲುಗಳನ್ನು ಯಾರೋ ಒಟ್ಟುಮಾಡಿ 48,000–50,000, ಎಂಟು ಲಾಟು ಎಂದು ಕೊಟ್ಟರು ಎನ್ನಿ. 0, 1 ಆದ ಮೇಲೆ ಅಭ್ಯಾಸಬಲದಿಂದ 2 ಎಂದು ಬರೆದರೆ ಮೊತ್ತ 13, ಉತ್ತರ 46,825. ಆದರೆ ಆ ಸಾಲಿನ ಮಧ್ಯಬಿಂದು 49,000, ಹಂತ 2.5. ಸರಿಯಾದ ಮೊತ್ತ 17, ಉತ್ತರ 46,925. ಹಂತಗಳು ಸಾಲಿನ ಕ್ರಮಸಂಖ್ಯೆಗಳಲ್ಲ, ಮಧ್ಯಬಿಂದುವಿನಿಂದ ಲೆಕ್ಕಹಾಕಿ ಬರಬೇಕಾದವು. ಇನ್ನು '49,000ಕ್ಕಿಂತ ಮೇಲೆ' ಎಂದು ತೆರೆದಿಟ್ಟ ಸಾಲಿಗೆ ಮಧ್ಯಬಿಂದುವೇ ಇಲ್ಲ. ಅದನ್ನು ಎಲ್ಲಿ ಮುಚ್ಚಬೇಕೆಂದು ನೀವೇ ತೀರ್ಮಾನಿಸಬೇಕು, ತೀರ್ಮಾನವನ್ನು ಪಕ್ಕದಲ್ಲಿ ಬರೆದಿಡಬೇಕು.

ಓದುಗರು ಗಮನಿಸಿರಬಹುದು: ಅದೇ ನಲವತ್ತು ಲಾಟು, ಆದರೆ ಎರಡು ಸಾಲು ಸೇರಿಸಿದ್ದಕ್ಕೇ ಸರಿಯಾದ ಲೆಕ್ಕದಲ್ಲೂ 46,875 ಹೋಗಿ 46,925 ಆಯಿತು. ನಿಜವಾದ ಅಂದಾಜು ಇರುವುದು ಇಲ್ಲಿ. ವರ್ಗಾಂತರ ಮಾಡಿದ ಕ್ಷಣ ಪ್ರತಿ ಲಾಟಿನ ಅಸಲಿ ಧಾರಣೆ ಕಳೆದುಹೋಗಿ, ಅದರ ಜಾಗದಲ್ಲಿ ಮಧ್ಯಬಿಂದು ಬಂದು ಕೂತಿತು. ಗುಮಾಸ್ತರ ಚೀಟಿಯನ್ನೇ ನೋಡಿ. ಅದರಲ್ಲಿ 46,000–47,000ದೊಳಗೆ ಬೀಳುವ ನಾಲ್ಕು ಲಾಟುಗಳ ಸರಾಸರಿ 46,856 ರೂಪಾಯಿ 50 ಪೈಸೆ. ಕೋಷ್ಟಕ ಅವನ್ನು 46,500 ಎಂದು ಎಣಿಸುತ್ತದೆ. ಲಾಟಿಗೆ 356 ರೂಪಾಯಿಯಷ್ಟು ವ್ಯತ್ಯಾಸ. ಒಂದು ಸಾಲಿನಲ್ಲಿ ಲಾಟುಗಳು ಮೇಲ್ತುದಿಗೆ ವಾಲಿ, ಇನ್ನೊಂದರಲ್ಲಿ ಕೆಳತುದಿಗೆ ವಾಲಿದ್ದರೆ ಒಟ್ಟಿನಲ್ಲಿ ಸರಿಹೋಗುತ್ತದೆ. ಎಲ್ಲ ಸಾಲುಗಳಲ್ಲೂ ಒಂದೇ ಕಡೆಗೆ ವಾಲಿದ್ದರೆ ಹೋಗುವುದಿಲ್ಲ. ಎಷ್ಟೇ ಕೆಟ್ಟರೂ ತಪ್ಪು ಅರ್ಧ ವರ್ಗಾಂತರವನ್ನು, ಇಲ್ಲಿ 500 ರೂಪಾಯಿಯನ್ನು, ಮೀರುವುದಿಲ್ಲ. ನೇರ ವಿಧಾನದಲ್ಲೂ ಈ ತಪ್ಪು ಇಷ್ಟೇ ಇರುತ್ತದೆ. ಬಯ್ಗುಳ ಮಾತ್ರ ಆಧಾರ ಸಂಖ್ಯೆಗೆ ಬೀಳುತ್ತದೆ.

ರೈತನ ಕಡೆಯಿಂದ ಇನ್ನೊಂದು ತಕರಾರು ಉಂಟು, ಅದು ನ್ಯಾಯವಾದದ್ದೇ. ಎರಡು ಚೀಲದ ಲಾಟನ್ನೂ ಐವತ್ತು ಚೀಲದ ಲಾಟನ್ನೂ ಕೋಷ್ಟಕ ಒಂದೊಂದೇ ಎಂದು ಎಣಿಸಿದೆ. ಕ್ವಿಂಟಲಿನ ಸರಾಸರಿ ಧಾರಣೆ ಬೇಕಾದರೆ ಲಾಟಿನ ಎಣಿಕೆಯ ಜಾಗದಲ್ಲಿ ತೂಕವನ್ನು ಬರೆಯಬೇಕು. ಉಳಿದದ್ದೆಲ್ಲ ಹಾಗೇ ನಡೆಯುತ್ತದೆ.

ಎಲ್ಲರ ಜೇಬಿನಲ್ಲೂ ಕ್ಯಾಲ್ಕುಲೇಟರ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತಿತ್ತು. ಸರಾಸರಿಯೊಂದೇ ಸಾಕಾದರೆ ಪ್ರಶ್ನೆ ಸರಿಯೇ. ನಲವತ್ತು ಲಾಟಿಗೆ ಯಂತ್ರ ಸೋಲುವುದಿಲ್ಲ. ಆದರೆ ಧಾರಣೆ ಎಷ್ಟು ಚದುರಿದೆ ಎಂದು, ಅಂದರೆ ಮಾನಕ ವಿಚಲನೆಯನ್ನು, ಕೇಳಿದರೆ ಕತೆ ಬೇರೆ. ಗುಮಾಸ್ತರ ಐದು ಲಾಟನ್ನೇ ತೆಗೆದುಕೊಳ್ಳೋಣ. ನೇರ ದಾರಿಯಲ್ಲಿ ಪ್ರತಿ ಧಾರಣೆಯ ವರ್ಗ ಮಾಡಿ, ಅವುಗಳ ಸರಾಸರಿಯಿಂದ 46,907ರ ವರ್ಗವನ್ನು ಕಳೆಯಬೇಕು. ಅಂದರೆ 2,20,02,85,905ರಲ್ಲಿ 2,20,02,66,649 ಕಳೆಯಬೇಕು. ಉಳಿಯುವುದು 19,256, ಅದರ ವರ್ಗಮೂಲ ಸುಮಾರು 139 ರೂಪಾಯಿ. ಎರಡೂ ದೊಡ್ಡ ಸಂಖ್ಯೆಗಳ ಮೊದಲ ಐದು ಅಂಕಿ ಒಂದೇ. ಏಳು ಅಂಕಿಯಷ್ಟೇ ನೆನಪಿಟ್ಟುಕೊಳ್ಳುವ ಯಂತ್ರಕ್ಕೆ ಇವು 2,20,02,86,000 ಮತ್ತು 2,20,02,67,000 ಆಗಿ, ವ್ಯತ್ಯಾಸ 19,000 ಬರುತ್ತದೆ. ಐದೇ ಅಂಕಿ ಉಳಿದರೆ ವ್ಯತ್ಯಾಸ ಸೊನ್ನೆ: ಐದು ಲಾಟೂ ಒಂದೇ ಬೆಲೆಗೆ ಹೋಯಿತೆಂದು ಯಂತ್ರ ಹೇಳುತ್ತದೆ. ಸಂಖ್ಯೆಗಳು ಇನ್ನೂ ದೊಡ್ಡದಾಗಿ ಚದುರುವಿಕೆ ಚಿಕ್ಕದಾದರೆ ಉತ್ತರ ಸೊನ್ನೆಗಿಂತಲೂ ಕೆಳಗಿಳಿಯಬಹುದು. ವರ್ಗಗಳಿಂದ ಬರುವ ಚದುರುವಿಕೆ ಋಣವಾಗಲು ಸಾಧ್ಯವೇ ಇಲ್ಲವಾದ್ದರಿಂದ, ಹಾಗೆ ಬಂದರೆ ಯಂತ್ರ ಅಂಕಿಗಳನ್ನು ಕಳೆದುಕೊಂಡಿದೆ ಎಂದೇ ಅರ್ಥ.

ಆಧಾರದಿಂದ ಹೊರಟರೆ ಈ ಗೊಂದಲವಿಲ್ಲ. 99, −91, 19, 199, 309ರ ವರ್ಗಗಳನ್ನು ಕೂಡಿದರೆ 1,53,525. ಐದರಿಂದ ಭಾಗಿಸಿದರೆ 30,705. ಅದರಿಂದ 107ರ ವರ್ಗ 11,449 ಕಳೆದರೆ ನೇರ 19,256. ಇಲ್ಲಿ ಆಧಾರವನ್ನು ವಾಪಸು ಕೂಡುವಂತಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಎಲ್ಲ ಧಾರಣೆಯೂ 46,800 ರೂಪಾಯಿ ಇಳಿದ ಮಾತ್ರಕ್ಕೆ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಸರಾಸರಿಗೆ ಕೂಡಿ ಕೂಡಿ ರೂಢಿಯಾದ ಮಕ್ಕಳು ಇಲ್ಲೂ ಕೂಡಿ, ಮಾನಕ ವಿಚಲನೆ 46,939 ಎಂದು ಬರೆಯುತ್ತಿದ್ದರು.

ದೊಡ್ಡ ತಂತ್ರಾಂಶಗಳೂ ಇಲ್ಲಿ ಎಡವಿವೆ. ಎಕ್ಸೆಲ್‌ನಲ್ಲಿ ಮಾನಕ ವಿಚಲನೆಯ `STDEV` ಲೆಕ್ಕ ಮೊದಲು ವರ್ಗಗಳನ್ನು ಕೂಡುವ ನೇರ ದಾರಿಯಲ್ಲೇ ಇತ್ತು, 2003ರ ಆವೃತ್ತಿಯಲ್ಲಿ ಅದನ್ನು ಬದಲಿಸಿದರು. ತಂತ್ರಾಂಶಗಳನ್ನು ಪರೀಕ್ಷಿಸಲು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಇಟ್ಟಿರುವ ಲೆಕ್ಕಗಳಲ್ಲಿ ಒಂದು ಬರೀ ಮೂರು ಸಂಖ್ಯೆಯದು: 1,00,00,001, 1,00,00,003, 1,00,00,002. ಒಂದು ಕೋಟಿಯನ್ನು ಮನಸ್ಸಿನಲ್ಲೇ ಪಕ್ಕಕ್ಕಿಟ್ಟವನಿಗೆ 1, 3, 2 ಎಂದು ಕಾಣುತ್ತದೆ, ಸರಾಸರಿ 2. ಮಗು ಮಾಡಬಹುದಾದ ಲೆಕ್ಕ ಯಂತ್ರಕ್ಕೆ ಪರೀಕ್ಷೆ.

ಸರಾಸರಿಯಲ್ಲೂ ಯಂತ್ರಕ್ಕೆ ಮಿತಿಯಿದೆ. 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಲ್ಲಿ 1,67,77,216ರವರೆಗೆ ಮಾತ್ರ ಎಲ್ಲ ಪೂರ್ಣಾಂಕಗಳೂ ಸರಿಯಾಗಿ ಉಳಿಯುತ್ತವೆ. ಆಮೇಲೆ ಅದಕ್ಕೆ 1 ಕೂಡಿದರೆ ಏನೂ ಆಗುವುದಿಲ್ಲ, ಸಂಖ್ಯೆ ಅಲ್ಲೇ ನಿಂತಿರುತ್ತದೆ. 46,907 ಸರಾಸರಿಯ ಧಾರಣೆಗಳನ್ನು ಕೂಡುತ್ತ ಹೋದರೆ 358ನೆಯ ಲಾಟಿಗೆ ಆ ಗಡಿ ದಾಟುತ್ತದೆ. ಬರೀ 107ರಂಥ ವಿಚಲನೆಗಳನ್ನು ಕೂಡಿದರೆ ಲಕ್ಷಕ್ಕೂ ಹೆಚ್ಚು ಲಾಟು ಬೇಕು.

ಹಾಗಾದರೆ ಎಲ್ಲ ಲಾಟುಗಳನ್ನೂ ನೋಡುವ ಮೊದಲೇ ಯಂತ್ರ ಆಧಾರವನ್ನು ಎಲ್ಲಿಂದ ತರಬೇಕು? ಸಾಲು ಸಾಲಾಗಿ ಬರುತ್ತಲೇ ಇರುವ ಅಂಕಿಗಳಿಗೆ 1962ರಲ್ಲಿ ಬಿ. ಪಿ. ವೆಲ್ಫರ್ಡ್ ಪ್ರಕಟಿಸಿದ ಉಪಾಯ ಇದಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಇಲ್ಲಿಯವರೆಗಿನ ಸರಾಸರಿಯನ್ನೇ ಆಧಾರವಾಗಿ ಹಿಡಿಯಿರಿ. ಹೊಸ ಲಾಟು ಅದರಿಂದ ಎಷ್ಟು ದೂರ ಎಂದು ನೋಡಿ, ಆ ದೂರವನ್ನು ಹೊಸದೂ ಸೇರಿ ಈವರೆಗಿನ ಲಾಟಿನ ಸಂಖ್ಯೆಯಿಂದ ಭಾಗಿಸಿ, ಆಧಾರಕ್ಕೆ ಕೂಡಿ. ಒಟ್ಟು ಮೊತ್ತವನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ಗುಮಾಸ್ತರ ಚೀಟಿಯಲ್ಲಿ ಮಾಡಿ ನೋಡಿದೆ. ಮೊದಲ ಲಾಟು 46,899. ಎರಡನೆಯದು 190 ಕಡಿಮೆ, ಅದರ ಅರ್ಧ 95 ಇಳಿಸಿದರೆ 46,804. ಮೂರನೆಯದು 15 ಹೆಚ್ಚು, ಮೂರರಲ್ಲೊಂದು ಪಾಲು 5 ಏರಿಸಿದರೆ 46,809. ನಾಲ್ಕನೆಯದು 190 ಹೆಚ್ಚು, ಕಾಲು ಭಾಗ 47.50 ಸೇರಿ 46,856.50. ಐದನೆಯದು 252.50 ಹೆಚ್ಚು, ಐದರಲ್ಲೊಂದು ಪಾಲು 50.50 ಸೇರಿ 46,907.

ಮುಂದಿನ ಸಲ ಮಂಡಿಗೆ ಹೋದಾಗ ಇದನ್ನು ಗುಮಾಸ್ತರಿಗೆ ತೋರಿಸಿದೆ. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದರಲ್ಲಿ ಪ್ರತಿ ಸಲ ಭಾಗಿಸ್ಬೇಕಲ್ಲ ಮೇಷ್ಟ್ರೇ. ನಂದರಲ್ಲಿ ಒಂದೇ ಸಲ," ಅಂದು ಮುಂದಿನ ಲಾಟಿನ ಚೀಟಿ ಕೈಗೆತ್ತಿಕೊಂಡರು.